ಬೇರೆ ಜಾತಿಯ ಹುಡುಗನನ್ನು ಮದುವೆಯಾಗುವ ವಿಷಯ: ಅಪ್ಪ-ಅವ್ವನಿಗೆ ಪತ್ರ ಬರೆಯೋದು ಹೇಗೆ?

ಈ ವಿಷಯ ಬಾಯಲ್ಲಿ ಹೇಳಲು ಹೋದರೆ ಎರಡನೇ ಮಾತಿಗೇ ಜಗಳ ಶುರುವಾಗುತ್ತೆ. ನೀವು ಹುಡುಗನ ಹೆಸರು ಹೇಳುವಷ್ಟರಲ್ಲಿ ಅಪ್ಪ "ಯಾವ ಪೈಕಿ?" ಅಂತ ಕೇಳಿರುತ್ತಾರೆ. ನೀವು ಉತ್ತರ ಕೊಡುವಷ್ಟರಲ್ಲಿ ಅವ್ವ ಅಳುತ್ತಿರುತ್ತಾಳೆ. ಹೇಳಬೇಕು ಅಂದುಕೊಂಡಿದ್ದರಲ್ಲಿ ಕಾಲುಭಾಗವೂ ಹೊರಗೆ ಬಂದಿರೋದಿಲ್ಲ. ಪತ್ರದಲ್ಲಿ ಕೊನೆಯವರೆಗೂ ಹೇಳಬಹುದು. ಇನ್ನೊಂದು ಅನುಕೂಲ ಅವರದ್ದು. ಮೊದಲ ಸಿಟ್ಟು ನಿಮ್ಮ ಎದುರಿಗೆ ಬರೋದಿಲ್ಲ. "ನೀನು ನನ್ನ ಪಾಲಿಗೆ ಸತ್ತೆ" ಅನ್ನೋ ಮಾತನ್ನು ಮುಖ ನೋಡಿ ಆಡಿಬಿಟ್ಟರೆ ಆಮೇಲೆ ಅದನ್ನು ವಾಪಸ್ ತಗೊಳ್ಳೋದು ಅವರಿಗೇ ಕಷ್ಟ.

ಉದಾಹರಣೆಗೆ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ರಾಣೆಬೆನ್ನೂರು ಕಡೆಯ ಲಿಂಗಾಯತರು. ಅಪ್ಪ ಗೋವಿನಜೋಳ, ಹತ್ತಿ ಬೆಳೀತಾರೆ. ದೊಡ್ಡ ಮಗಳು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ. ತಂಗಿ ಬಿ.ಎಡ್ ಓದುತ್ತಿದ್ದಾಳೆ. ಮಗಳು ಮೆಚ್ಚಿದ ಹುಡುಗ ಮಂಜುನಾಥ, ಹೊಸದುರ್ಗದ ಕಡೆಯ ಕುರುಬರ ಮನೆಯವನು. ನಿಮ್ಮ ಮನೆಯ ಜಾತಿ, ಊರು ಬೇರೆ ಇರಬಹುದು. ಕೆಲಸ ಮಾಡುವ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ಒಂದು ಪ್ರಶ್ನೆ: ಪತ್ರ ಬರೆಯೋದು ಸುರಕ್ಷಿತವೇ?

ಎಲ್ಲ ಮನೆಗೂ ಪತ್ರ ಸರಿಹೋಗೋದಿಲ್ಲ. ಮನೆಯಲ್ಲಿ ಹಿಂದೆ ಯಾರಾದರೂ ಕೈ ಎತ್ತಿದ್ದಾರಾ? ನಿಮ್ಮ ಫೋನ್ ಕಿತ್ತುಕೊಂಡು ಕೂಡಿಹಾಕುವ ಸಾಧ್ಯತೆ ಇದೆಯಾ? ಇಂಥ ವಿಷಯಕ್ಕೆ ದೊಡ್ಡಪ್ಪನ ಮಕ್ಕಳು ಹಿಂದೆ ಯಾರಿಗಾದರೂ ಹೊಡೆದಿದ್ದಾರಾ? ಹೌದು ಅಂತಾದರೆ ಪತ್ರ ಆಮೇಲೆ, ಮೊದಲು ನಿಮ್ಮ ಜೀವ. ಹುಡುಗ ದಲಿತ ಸಮುದಾಯದವನಾಗಿದ್ದರೆ ಈ ಪ್ರಶ್ನೆಗಳನ್ನು ಇನ್ನೂ ಗಟ್ಟಿಯಾಗಿ ಕೇಳಿಕೊಳ್ಳಿ. ಪೆಟ್ಟು ಬೀಳೋದು ಹೆಚ್ಚಾಗಿ ಆ ಮನೆಯವರಿಗೇ.

ಅಂಥ ಭಯ ಇಲ್ಲದಿದ್ದರೂ ಕೆಲವು ತಯಾರಿ ಬೇಕು. ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟ್, ಬ್ಯಾಂಕ್ ಪಾಸ್‌ಬುಕ್ ನಿಮ್ಮ ಹತ್ತಿರವೇ ಇರಲಿ. ನೀವು ಪತ್ರ ಕೊಡುವ ದಿನ ಯಾವುದು ಅಂತ ನಂಬಿಕೆಯ ಒಬ್ಬರಿಗೆ ಗೊತ್ತಿರಲಿ. ಪತ್ರದಲ್ಲಿ ಹುಡುಗನ ಊರು, ಕೆಲಸ ಬರೆಯಿರಿ. ಮನೆ ನಂಬರು, ಆಫೀಸಿನ ವಿಳಾಸ ಬೇಡ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಕಾನೂನು ಗೊತ್ತಿದ್ದರೆ ಧೈರ್ಯ ಇರುತ್ತೆ. ಬೆಳಗಾವಿ ಜಿಲ್ಲೆಯ ಠಾಣೆಯೊಂದರಲ್ಲಿ ದಾಖಲಾಗಿದ್ದ ದೂರಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ವಯಸ್ಸಿಗೆ ಬಂದ ಇಬ್ಬರು ಮದುವೆಗೆ ಒಪ್ಪಿದರೆ ಮನೆಯವರ ಅಥವಾ ಜಾತಿಯವರ ಒಪ್ಪಿಗೆ ಬೇಕಾಗಿಲ್ಲ ಅಂತ ಅದರಲ್ಲಿ ಹೇಳಿದೆ. ಇದು ನಿಮಗೆ ಗೊತ್ತಿರಬೇಕು. ಪತ್ರದಲ್ಲಿ ಮಾತ್ರ ಒಂದಕ್ಷರವೂ ಬರಬಾರದು. ಕೋರ್ಟ್ ಅನ್ನೋ ಪದ ಓದಿದ ತಕ್ಷಣ ಅಪ್ಪನಿಗೆ ಅದು ಮಗಳ ಪತ್ರ ಅನ್ನಿಸೋದಿಲ್ಲ, ವಕೀಲರ ನೋಟಿಸ್ ಅನ್ನಿಸುತ್ತೆ.

ಅವರ ಭಯಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ

ಪತ್ರಕ್ಕೆ ಕೈ ಹಾಕುವ ಮುಂಚೆ ಬೇರೆ ಹಾಳೆಯಲ್ಲಿ ಒಂದು ಪಟ್ಟಿ ಮಾಡಿ. ನೀವು ಊಹಿಸಿದ್ದನ್ನು ಬರೆಯಬೇಡಿ. ಅವರು ನಿಜವಾಗಿ ಆಡಿದ ಮಾತು ಬೇಕು. ಊರಿನಲ್ಲಿ ಇಂಥ ಮದುವೆ ಒಂದಾದಾಗ ಅಪ್ಪ ಏನಂದರು? ಅವ್ವ ಪಕ್ಕದ ಮನೆಯವರ ಹತ್ತಿರ ಏನು ಹೇಳುತ್ತಿದ್ದಳು? ನೆನಪು ಮಾಡಿಕೊಂಡರೆ ಸಿಗುತ್ತೆ. ನಮ್ಮ ಉದಾಹರಣೆಯ ಮನೆಯಲ್ಲಿ ಪಟ್ಟಿ ಹೀಗಿತ್ತು ಅಂದುಕೊಳ್ಳಿ:

"ಸಣ್ಣವಳಿಗೆ ಯಾರು ಹೆಣ್ಣು ಕೇಳಿಕೊಂಡು ಬರ್ತಾರೆ?"
"ಅವರು ಮಾಂಸ ತಿನ್ನೋರು, ಇವಳು ಆ ಅಡುಗೆಮನೇಲಿ ಹೆಂಗೆ ಬಾಳ್ವೆ ಮಾಡ್ತಾಳೆ?"
"ಲಿಂಗ ಬಿಡಿಸಿಬಿಡ್ತಾರೆ."
"ಹುಟ್ಟೋ ಮಕ್ಕಳದು ಯಾವ ಜಾತಿ?"
"ನಾಳೆ ಬಿಟ್ಟುಹೋದರೆ ಕೇಳೋರು ಯಾರು?"
"ಮಠದಲ್ಲಿ, ಮದುವೆ ಮನೇಲಿ ನಾನು ತಲೆ ಎತ್ತಿ ಹೆಂಗೆ ಕೂರಲಿ?"

ಇವೆಲ್ಲ ಒಂದೇ ಥರದವಲ್ಲ. ಮಕ್ಕಳ ಜಾತಿ ಯಾವುದು ಅನ್ನೋದಕ್ಕೆ ಮಾಹಿತಿಯೇ ಉತ್ತರ. ಅಡುಗೆಮನೆ, ಲಿಂಗ, ಬಿಟ್ಟುಹೋದರೆ ಅನ್ನೋದಕ್ಕೆ ನೀವಿಬ್ಬರೂ ಏನು ಏರ್ಪಾಡು ಮಾಡಿಕೊಂಡಿದ್ದೀರಿ ಅನ್ನೋದು ಉತ್ತರ. ತಲೆ ಎತ್ತಿ ಕೂರೋದು ಹೇಗೆ ಅನ್ನೋದಕ್ಕೆ ನಿಮ್ಮ ಹತ್ತಿರ ಉತ್ತರವೇ ಇಲ್ಲ. ತಂಗಿಯ ಮದುವೆಯ ಭಯಕ್ಕೂ ಅರ್ಧ ಉತ್ತರ ಅಷ್ಟೇ. ಹೆಚ್ಚಿನ ಪತ್ರಗಳು ಕೆಡೋದು ಇಲ್ಲೇ. ಎಲ್ಲದಕ್ಕೂ ಒಂದೊಂದು ಸಮಾಧಾನ ಹೇಳಲು ಹೋಗಿ "ಈಗಿನ ಕಾಲದಲ್ಲಿ ಯಾರೂ ಇದನ್ನೆಲ್ಲ ನೋಡಲ್ಲ" ಅಂತ ಬರೆದುಬಿಡ್ತೀವಿ. ನೋಡ್ತಾರೆ ಅಂತ ಅಪ್ಪನಿಗೆ ಗೊತ್ತು. ಸಂತೆಯಲ್ಲಿ, ಮಠದಲ್ಲಿ ಕೇಳಿಸಿಕೊಳ್ಳೋದು ಅವರೇ, ಬೆಂಗಳೂರಲ್ಲಿರುವ ನೀವಲ್ಲ. ಆ ಒಂದು ಸುಳ್ಳು ಸಾಕು, ಉಳಿದ ನಿಜವನ್ನೂ ಅವರು ನಂಬೋದಿಲ್ಲ. ಉತ್ತರ ಇಲ್ಲದ ಭಯವನ್ನು ಉತ್ತರ ಇಲ್ಲ ಅಂತಲೇ ಬರೆಯಿರಿ.

ಒಂದು ಎಚ್ಚರಿಕೆ. ಭಯವನ್ನು ಗೌರವಿಸೋದು ಬೇರೆ, ಹುಡುಗನ ಜಾತಿಗೆ ಕ್ಷಮೆ ಕೇಳೋದು ಬೇರೆ. "ಅವರು ಆ ಜಾತಿಯವರಾದರೂ ತುಂಬಾ ಸಂಭಾವಿತರು", "ನೋಡಿದರೆ ಗೊತ್ತೇ ಆಗಲ್ಲ" ಅಂತ ಬರೆದರೆ ಕೀಳು ಅನ್ನೋದನ್ನು ನೀವೇ ಒಪ್ಪಿಕೊಂಡ ಹಾಗಾಯ್ತು. ಮುಂದೆ ಆ ಮನೆಗೆ ಸೊಸೆಯಾಗಿ ಹೋಗುವವರು ನೀವು. ಈ ಪತ್ರ ಒಂದಲ್ಲ ಒಂದು ದಿನ ಆ ಮನೆಯವರ ಕೈಗೂ ಸಿಗಬಹುದು ಅಂದುಕೊಂಡೇ ಬರೆಯಿರಿ.

ಹುಡುಗನ ಜೊತೆ ಕೂತು ಇತ್ಯರ್ಥ ಮಾಡಿಕೊಳ್ಳಬೇಕಾದ್ದು

ಅವನ ಬಾಯಲ್ಲಿ ಬರದ ಮಾತನ್ನು ಅವನ ಪರವಾಗಿ ಕೊಡಬೇಡಿ. "ಅವರು ಮಾಂಸ ಬಿಟ್ಟುಬಿಡ್ತಾರೆ" ಅಂತ ಬರೆದು, ಎರಡು ವರ್ಷದ ನಂತರ ಅಪ್ಪ ಅವನ ಊರಿನ ಹಬ್ಬಕ್ಕೆ ಹೋದಾಗ ಏನಾಗುತ್ತೆ ಅಂತ ಯೋಚಿಸಿ. ಬಿಡ್ತೀನಿ ಅಂತ ಅವನೇ ಹೇಳಿದ್ದರೂ ನನಗೆ ಅನುಮಾನ. ನಮ್ಮ ಉದಾಹರಣೆಯಲ್ಲಿ ಇಬ್ಬರೂ ಹೀಗೆ ಒಪ್ಪಿಕೊಂಡಿದ್ದಾರೆ: ತಾವಿರುವ ಮನೆಯಲ್ಲಿ ಮಾಂಸ ಬೇಯಿಸೋದಿಲ್ಲ. ಅವನು ಹೊರಗೆ, ಅವನ ಊರಲ್ಲಿ ತಿನ್ನುತ್ತಾನೆ. ಅವಳು ಅಲ್ಲಿಗೆ ಹೋದಾಗ ಮಾಡು ಅಂತಾಗಲಿ, ತಿನ್ನು ಅಂತಾಗಲಿ ಹೇಳೋದಿಲ್ಲ, ಇದನ್ನು ಅವನ ತಾಯಿಯೂ ಒಪ್ಪಿದ್ದಾರೆ. ಸಣ್ಣ ಮಾತು, ಆದರೆ ಪಾಲಿಸಬಹುದಾದದ್ದು.

ಇನ್ನು ಎರಡು ವಿಷಯ. ಮದುವೆ ಯಾವ ಪದ್ಧತಿಯಲ್ಲಿ? ಅವಳ ಇಷ್ಟಲಿಂಗ ಪೂಜೆ ಮುಂದುವರಿಯುತ್ತಾ? ಇದಕ್ಕೆ "ನೋಡೋಣ" ಅನ್ನೋ ಉತ್ತರ ಇಟ್ಟುಕೊಂಡು ಪತ್ರ ಬರೆಯಬೇಡಿ. ಮತ್ತೆ, ಅವನ ಮನೆಯಲ್ಲಿ ವಿಷಯ ಗೊತ್ತಾ? ಗೊತ್ತಿಲ್ಲದಿದ್ದರೆ ಮೊದಲು ಅಲ್ಲಿ ಹೇಳಿಸಿ. "ಅವರ ಮನೇಲಿ ಏನಂತಾರೆ?" ಅನ್ನೋದು ಅಪ್ಪ ಕೇಳುವ ಮೊದಲ ಐದು ಪ್ರಶ್ನೆಗಳಲ್ಲಿ ಒಂದು.

ಕಾನೂನಿನ ಮಾಹಿತಿಯೂ ತಿಳಿದಿರಲಿ. ಮದುವೆಯಿಂದ ಹೆಣ್ಣಿನ ಜಾತಿ ಬದಲಾಗೋದಿಲ್ಲ, ಹುಟ್ಟಿನಿಂದ ಬಂದಿದ್ದೇ ಉಳಿಯುತ್ತೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಕ್ಕಳಿಗೆ ಸಾಮಾನ್ಯವಾಗಿ ತಂದೆಯ ಜಾತಿ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಬೇರೆ ಬೇರೆ ಜಾತಿಯ ಇಬ್ಬರು ಮದುವೆಯಾಗಲು ಅಡ್ಡಿ ಇಲ್ಲ. ಅದರ 2ನೇ ಸೆಕ್ಷನ್‌ನಲ್ಲೇ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದು ಬರೆದಿದೆ. ಹಾಗಾಗಿ ನಮ್ಮ ಉದಾಹರಣೆಯ ಜೋಡಿ ಮನೆಯವರ ಮುಂದೆ ಶಾಸ್ತ್ರದಂತೆ ಮದುವೆಯಾಗಿ ನೋಂದಣಿ ಮಾಡಿಸಬಹುದು. ಇಬ್ಬರ ಧರ್ಮ ಬೇರೆಯಾಗಿದ್ದು ಯಾರೂ ಮತಾಂತರ ಆಗೋದಿಲ್ಲ ಅಂತಿದ್ದರೆ 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ 30 ದಿನದ ನೋಟಿಸ್ ಇದೆ, ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸ್ತಾರೆ. ಪತ್ರ ಕೊಡುವ ಮುಂಚೆ ನೋಟಿಸ್ ಕೊಟ್ಟರೆ ಅಪ್ಪನಿಗೆ ಸುದ್ದಿ ನಿಮ್ಮಿಂದ ಹೋಗದೆ ಊರಿನ ಯಾರಿಂದಲೋ ಹೋಗಬಹುದು.

ಪತ್ರದ ಒಂದು ಮಾದರಿ

ಕೈಬರಹದಲ್ಲಿ, ಎರಡು ಹಾಳೆ. ವಾಟ್ಸಾಪ್ ಬೇಡವೇ ಬೇಡ. ಸ್ಕ್ರೀನ್‌ಶಾಟ್ ರಾತ್ರಿಯೊಳಗೆ ದೊಡ್ಡಪ್ಪನ ಮನೆ ತಲುಪಿರುತ್ತೆ. ಅಕ್ಷರ ದಪ್ಪ ಇರಲಿ. ಅವ್ವ ಓದೋದು ನಿಧಾನ ಆಗಿದ್ದರೆ ವಾಕ್ಯ ಇನ್ನೂ ಸಣ್ಣದು ಮಾಡಿ. ಪತ್ರವನ್ನು ಬೇರೆಯವರಿಂದ ಓದಿಸಿಕೊಳ್ಳಬೇಕಾದ ಪರಿಸ್ಥಿತಿ ಇದ್ದರೆ ಪತ್ರ ಬಿಡಿ, ನೀವೇ ಪಕ್ಕದಲ್ಲಿ ಕೂತು ಓದಿ ಹೇಳಿ.

> ಅಪ್ಪನಿಗೆ, ಅವ್ವನಿಗೆ ನಮಸ್ಕಾರ.
>
> ನಾನು ಆರಾಮಿದ್ದೀನಿ, ಯಾವ ತೊಂದರೆಯೂ ಆಗಿಲ್ಲ. ಒಂದು ವಿಷಯ ಹೇಳಬೇಕಿತ್ತು. ನಾನು ಒಬ್ಬ ಹುಡುಗನನ್ನು ಮದುವೆಯಾಗಬೇಕು ಅಂತಿದ್ದೀನಿ. ಅವರು ನಮ್ಮ ಜನ ಅಲ್ಲ, ಕುರುಬರು. ಮದುವೆ ಆಗಿಲ್ಲ. ನಿಮಗೆ ಹೇಳದೆ ಆಗೋದೂ ಇಲ್ಲ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗಬಾರದು ಅಂತ ಬರೀತಿದ್ದೀನಿ.
>
> ಹೆಸರು ಮಂಜುನಾಥ, ವಯಸ್ಸು 29, ಊರು ಹೊಸದುರ್ಗದ ಹತ್ತಿರ. ಬೆಂಗಳೂರಲ್ಲಿ ಕಂಪನಿ ಕೆಲಸ. ಅವರ ತಂದೆ ರಿಟೈರ್ ಆದ ಮೇಷ್ಟ್ರು. ಒಬ್ಬಳು ಅಕ್ಕ, ಮದುವೆಯಾಗಿದೆ. ಮೂರು ವರ್ಷದಿಂದ ಪರಿಚಯ. ಅವರ ಮನೆಯಲ್ಲಿ ವಿಷಯ ಹೇಳಿದ್ದಾರೆ. ಅವರ ತಾಯಿಗೆ ಮೊದಲು ಮನಸ್ಸಿರಲಿಲ್ಲ, ಈಗ ಒಪ್ಪಿದ್ದಾರೆ.
>
> ಅಪ್ಪಾ, ಓದುತ್ತಾ ನಿಮಗೆ ಮೊದಲು ಸಣ್ಣವಳ ನೆನಪಾಗಿರುತ್ತೆ. ನನಗೂ ಅದೇ ಚಿಂತೆ. ನನ್ನಿಂದ ಅವಳಿಗೆ ಬರುವ ಸಂಬಂಧ ತಪ್ಪೋದೇ ಇಲ್ಲ ಅಂತ ನಾನು ಹೇಳಲಾರೆ. ಅವಳ ಓದು ಮುಗಿಯಲು ಇನ್ನೂ ಒಂದು ವರ್ಷ ಇದೆ. ಅಲ್ಲಿಯವರೆಗೆ ಕಾಯಲು ನಾವಿಬ್ಬರೂ ತಯಾರಿದ್ದೀವಿ. ಅವಳ ಮದುವೆ ಮೊದಲು ಆಗಲಿ ಅಂದರೆ ಅದನ್ನೂ ಕೂತು ಮಾತಾಡೋಣ. ಮಠದಲ್ಲಿ, ನೆಂಟರಲ್ಲಿ ನಿಮಗೆ ಮಾತು ಬರುತ್ತೆ. ಅದನ್ನು ಕೇಳಿಸಿಕೊಳ್ಳೋರು ನೀವು, ನಾನಲ್ಲ. ಇದಕ್ಕೆ ಏನು ಹೇಳಬೇಕು ಅಂತ ನನಗೆ ಗೊತ್ತಿಲ್ಲ.
>
> ಅವ್ವಾ, ನೀನು ಅಡುಗೆಮನೆ ಬಗ್ಗೆ ಕೇಳ್ತೀಯ ಅಂತ ಗೊತ್ತು. ಅವರು ಮಾಂಸ ತಿಂತಾರೆ, ಬಿಡ್ತಾರೆ ಅಂತ ಸುಳ್ಳು ಹೇಳಲ್ಲ. ನಾವಿರುವ ಮನೇಲಿ ಮಾಡೋದಿಲ್ಲ. ಅವರ ಊರಿಗೆ ಹೋದಾಗ ನನಗೆ ಮಾಡು, ತಿನ್ನು ಅನ್ನೋದಿಲ್ಲ. ನನ್ನ ಲಿಂಗ, ನನ್ನ ಪೂಜೆ ನನ್ನ ಜೊತೆಗೇ ಇರುತ್ತೆ. ನನ್ನ ಕೆಲಸ ಬಿಡೋದಿಲ್ಲ, ಸಂಬಳ ನನ್ನ ಖಾತೆಗೇ ಬರುತ್ತೆ. ನಾಳೆ ಏನಾದರೂ ಆದರೆ ಅಂತ ನಿನಗೆ ನಿದ್ದೆ ಬರಲ್ಲ, ಅದಕ್ಕೆ ಹೇಳಿದೆ.
>
> ಈಗಲೇ ಹೂಂ ಅನ್ನಿ ಅಂತ ಕೇಳ್ತಿಲ್ಲ. ಒಂದು ಸಲ ಅವರನ್ನು ನೋಡಿ, ಮಾತಾಡಿಸಿ. ಯಾವಾಗ, ಎಲ್ಲಿ ಅಂತ ನೀವೇ ಹೇಳಿ. ಅಜ್ಜಿಗೆ, ದೊಡ್ಡಪ್ಪನಿಗೆ ನಾನಾಗಿ ಹೇಳೋದಿಲ್ಲ. ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು.
>
> ಭಾನುವಾರ ಫೋನ್ ಮಾಡ್ತೀನಿ. ಮಾತಾಡಲು ಮನಸ್ಸಿಲ್ಲದಿದ್ದರೆ ತೆಗೀಬೇಡಿ, ಮುಂದಿನ ಭಾನುವಾರ ಮತ್ತೆ ಮಾಡ್ತೀನಿ.
>
> ನಿಮ್ಮ ಮಗಳು

ಇದರಲ್ಲಿ ಗಮನಿಸಬೇಕಾದ್ದು

ವಿಷಯ ಮೊದಲ ಪ್ಯಾರಾದಲ್ಲೇ ಇದೆ, ಜಾತಿಯ ಹೆಸರೂ ಸೇರಿ. "ಹೇಗೆ ಹೇಳಲಿ ಗೊತ್ತಾಗ್ತಿಲ್ಲ, ಸಿಟ್ಟಾಗಬೇಡಿ, ನೀವು ನನ್ನನ್ನು ಎಷ್ಟು ಕಷ್ಟಪಟ್ಟು ಸಾಕಿದ್ದೀರಿ" ಅಂತ ಅರ್ಧ ಪುಟ ಎಳೆದರೆ ಅವ್ವ ಅಷ್ಟರಲ್ಲಿ ಇದಕ್ಕಿಂತ ದೊಡ್ಡದೇನನ್ನೋ ಊಹಿಸಿ ಕೈ ನಡುಗಿಸಿಕೊಂಡು ಕೂತಿರುತ್ತಾಳೆ. ಜಾತಿಯನ್ನು ಕೊನೆಗೆ ಹೇಳಿದರೆ, ಅದಕ್ಕಿಂತ ಮುಂಚೆ ಹೇಳಿದ ಒಳ್ಳೆಯದೆಲ್ಲ ಬಣ್ಣದ ಮಾತಾಗಿ ಕಾಣುತ್ತೆ.

"ನಿಮಗೆ ಹೇಳದೆ ಆಗೋದಿಲ್ಲ" ಅಂತ ಇದೆ. "ನೀವು ಒಪ್ಪದೆ ಆಗೋದಿಲ್ಲ" ಅಂತ ಇಲ್ಲ. ಬರೆಯುವಾಗ ಮನಸ್ಸು ಮೆತ್ತಗಾಗಿ ಎರಡನೆಯದು ಕೈಗೆ ಬಂದುಬಿಡುತ್ತೆ. ಅದನ್ನು ಬರೆದರೆ ಅಪ್ಪ ಮಾಡಬೇಕಾದ್ದು ಒಂದೇ ಕೆಲಸ, ಸುಮ್ನೆ ಒಪ್ಪದೇ ಇರೋದು. ನಿಜವಾಗಿಯೂ ಹಾಗೇ ತೀರ್ಮಾನಿಸಿದ್ದರೆ ಬರೆಯಿರಿ. ಇಲ್ಲದಿದ್ದರೆ ಆ ಮಾತು ಕೊಡಬೇಡಿ. ಮುಂದೆ ಮುರಿದಾಗ ಜಾತಿಗಿಂತ ಜಾಸ್ತಿ ಅದು ಚುಚ್ಚುತ್ತೆ. ತಂಗಿಯ ವಿಷಯದಲ್ಲೂ ಅಷ್ಟೇ. ಮಾದರಿಯಲ್ಲಿ ಒಂದು ವರ್ಷ ಅಂತ ಗಡಿ ಇದೆ. ಗಡಿ ಇಲ್ಲದೆ "ಅವಳ ಮದುವೆ ಆಗೋವರೆಗೂ ಕಾಯ್ತೀವಿ" ಅಂದರೆ ಅವಳ ಮೇಲೆ ಒತ್ತಡ ಬೀಳುತ್ತೆ. ಬಂದ ಮೊದಲ ಗಂಡಿಗೆ ಅವಳನ್ನು ಕಟ್ಟುವ ಅವಸರ ಶುರುವಾಗುತ್ತೆ.

ಆಸ್ತಿಯ ಮಾತು ಪತ್ರದಲ್ಲಿ ಬೇಡ. ಹುಡುಗ ಹೊಲಕ್ಕೆ ಆಸೆಪಟ್ಟಿದ್ದಾನೆ ಅಂತ ಅಪ್ಪ ಅಂದುಕೊಳ್ಳಬಹುದು ಅಂತ ಹೆದರಿ "ನನಗೆ ಪಾಲು ಬೇಡ" ಅಂತ ಬರೆಯುವವರಿದ್ದಾರೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ಅದನ್ನು ಬಿಡೋದೋ ಇಟ್ಟುಕೊಳ್ಳೋದೋ ಬೇರೆ ದಿನ, ತಣ್ಣಗೆ ಯೋಚಿಸಿ ಮಾಡುವ ತೀರ್ಮಾನ.

ಇನ್ನೊಂದು, ಬಸವಣ್ಣ. ಲಿಂಗಾಯತ ಮನೆಯ ಮಕ್ಕಳಿಗೆ ಇದು ತಡೆಯಲಾಗದ ಆಸೆ. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟ ಕಲ್ಯಾಣದ ಕಥೆ ಬರೆದು "ನೀವೇ ಬಸವ ಜಯಂತಿ ಮಾಡ್ತೀರಲ್ಲಾ" ಅಂತ ಕೇಳಬೇಕು ಅನ್ನಿಸುತ್ತೆ. ವಾದ ಗೆಲ್ಲುತ್ತೆ, ಅಪ್ಪ ಸೋಲ್ತಾರೆ. ಮಗಳ ಮುಂದೆ ಸೋತ ಅಪ್ಪ ಹುಡುಗನ ಮುಖ ನೋಡಲು ಬರೋದಿಲ್ಲ. ಅದಲ್ಲದೆ ಆ ಮದುವೆಯ ನಂತರ ಇಬ್ಬರು ಅಪ್ಪಂದಿರಿಗೂ ಏನಾಯ್ತು ಅನ್ನೋದು ಪ್ರವಚನ ಕೇಳಿಕೊಂಡು ಬೆಳೆದ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಆ ಮಾತು ಅವರ ಬಾಯಿಂದಲೇ ಬರುವ ದಿನ ಬಂದರೆ ಬರಲಿ.

ಯಾವಾಗ, ಹೇಗೆ ಕೊಡೋದು

ಅಪ್ಪ-ಅವ್ವ ಇಬ್ಬರಿಗೂ ಒಟ್ಟಿಗೆ ಗೊತ್ತಾಗಲಿ. ಮೊದಲು ಅವ್ವನಿಗೆ ಮಾತ್ರ ಹೇಳಿ "ಅಪ್ಪನಿಗೆ ನೀನೇ ಹೇಳು" ಅಂದರೆ ಬೈಗುಳ ತಿನ್ನೋದು ಅವಳು. "ನಿನಗೆ ಮೊದಲೇ ಗೊತ್ತಿತ್ತು" ಅನ್ನೋ ಮಾತು ವರ್ಷಗಟ್ಟಲೆ ಉಳಿಯುತ್ತೆ. ಸೋದರಮಾವನ ಕೈಯಲ್ಲಿ ಕಳಿಸೋದೂ ಬೇಡ.

ದಿನವೂ ನೋಡಬೇಕು. ಬಿತ್ತನೆ ಅವಸರದಲ್ಲಿ, ಕಟಾವಿನ ಹೊತ್ತಿನಲ್ಲಿ, ಮನೆ ತುಂಬಾ ನೆಂಟರಿರುವ ಹಬ್ಬದಲ್ಲಿ ಬೇಡ. ನಿಮಗೇ ಗಂಡು ನೋಡಲು ಬರುವ ದಿನ ಗೊತ್ತಾಗಿದ್ದರೆ ಮಾತ್ರ ತಡ ಮಾಡಬೇಡಿ. ಆ ಮನೆಯವರು ಬಂದು ಉಪ್ಪಿಟ್ಟು ತಿಂದು ಹೋದಮೇಲೆ ಹೇಳಿದರೆ ಅಪ್ಪನ ಮಾತು ಹೊರಗೆ ಹೋಗಿರುತ್ತೆ, ಅವಮಾನ ದುಪ್ಪಟ್ಟು. ಊರಿಗೆ ಹೋಗಿ ಹೊರಡುವ ದಿನ ಅಪ್ಪನ ಕೈಗೇ ಕೊಟ್ಟು, "ನಾನು ಹೋದಮೇಲೆ ಇಬ್ಬರೂ ಓದಿ" ಅಂತ ಹೇಳಿ ಬಸ್ ಹತ್ತೋದು ಹೆಚ್ಚಿನ ಮನೆಗಳಿಗೆ ಸರಿಹೋಗುತ್ತೆ. ತಂಗಿ ಮನೆಯಲ್ಲಿದ್ದರೆ ಅವಳಿಗೆ ಮುಂಚೆಯೇ ತಿಳಿಸಿರಿ. ಅವ್ವನ ಬಿಪಿ ಮಾತ್ರೆ ಎಲ್ಲಿದೆ ಅಂತ ಅವಳಿಗೆ ಗೊತ್ತಿರಲಿ.

ಆಮೇಲೆ

ಮೊದಲ ವಾರ ಏನು ಬೇಕಾದರೂ ಆಗಬಹುದು. ಫೋನ್ ತೆಗೆಯದೆ ಇರೋದು ಕೆಟ್ಟ ಲಕ್ಷಣ ಅಲ್ಲ. ಹೇಳಿದ ಹಾಗೆ ಮುಂದಿನ ಭಾನುವಾರ ಮತ್ತೆ ಮಾಡಿ, ಮಧ್ಯದಲ್ಲಿ ಹತ್ತು ಸಲ ಮಾಡಬೇಡಿ. ಬೈದರೆ ಬೈಸಿಕೊಳ್ಳಿ, ಒಂದೊಂದು ಮಾತಿಗೂ ಉತ್ತರ ಕೊಡುವ ಎರಡನೇ ಪತ್ರ ಬರೆಯಬೇಡಿ. ಹೆದರಬೇಕಾದ್ದು ತಟಕ್ಕನೆ ಬರುವ ಮೆತ್ತಗಿನ ದನಿಗೆ. ಎರಡೇ ದಿನಕ್ಕೆ "ಎಲ್ಲಾ ಸರಿ ಮಾಡೋಣ, ನೀನೊಬ್ಬಳೇ ತಕ್ಷಣ ಬಾ, ನಾಕು ದಿನ ರಜೆ ಹಾಕು" ಅಂತ ಬಂದರೆ, ಅಥವಾ ಅವ್ವನಿಗೆ ಹುಷಾರಿಲ್ಲ ಅಂತ ದೊಡ್ಡಪ್ಪ ಫೋನ್ ಮಾಡಿದರೆ, ತಂಗಿಗೋ ಪಕ್ಕದ ಮನೆಗೋ ಕೇಳಿ ಖಚಿತ ಮಾಡಿಕೊಳ್ಳಿ. ಹೋಗಲೇಬೇಕಾದರೆ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ, ವಾಪಸ್ ಬರುವ ಟಿಕೆಟ್ ಮಾಡಿಸಿಕೊಂಡಿರಿ.

ಒಳ್ಳೆಯ ಲಕ್ಷಣ ಅಂದರೆ ಪ್ರಶ್ನೆ. "ಅವರ ಮನೆದೇವರು ಯಾವುದು?", "ಮೇಷ್ಟ್ರು ಯಾವ ಸ್ಕೂಲಲ್ಲಿದ್ದರು?" ಅಂತ ಸಿಟ್ಟಿನ ದನಿಯಲ್ಲೇ ಕೇಳಿದರೂ ಸರಿ, ಅಪ್ಪ ಆ ಮನೆಯ ಬಗ್ಗೆ ಯೋಚಿಸುತ್ತಿದ್ದಾರೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಅವರ ಗುಣಗಾನ ಸೇರಿಸಬೇಡಿ. ಅಪ್ಪ ತಮ್ಮ ಪರಿಚಯದವರಿಂದ ಹೊಸದುರ್ಗದಲ್ಲಿ ವಿಚಾರಿಸುತ್ತಾರೆ. ವಿಚಾರಿಸಲಿ. ನೀವು ಬರೆದಿದ್ದೂ ಅಲ್ಲಿ ಸಿಕ್ಕಿದ್ದೂ ಒಂದೇ ಆಗಿದ್ದರೆ ನಿಮ್ಮ ಕೆಲಸ ಅರ್ಧ ಆಯ್ತು.

ಭೇಟಿಗೆ ಒಪ್ಪಿದರೆ ಮೊದಲ ಸಲ ಎರಡೂ ಊರು ಬೇಡ. ಯಾವ ಮನೆಯಲ್ಲಿ ಮಾಡಿದರೂ ಓಣಿಯವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಈ ಎರಡು ಮನೆಗೆ ದಾವಣಗೆರೆ ನಡುವೆ ಬರುತ್ತೆ, ಅಲ್ಲಿನ ಯಾವುದಾದರೂ ಸಸ್ಯಾಹಾರಿ ಹೋಟೆಲ್ ಸಾಕು. ಹುಡುಗನ ಜೊತೆ ಅವನ ತಂದೆ ಮಾತ್ರ ಬರಲಿ. ಹೂವು, ಹಣ್ಣು, ಸೀರೆ ಏನೂ ತರೋದು ಬೇಡ ಅಂತ ಮೊದಲೇ ಹೇಳಿಬಿಡಿ. ತಂದರೆ ನಿಶ್ಚಯಕ್ಕೇ ಬಂದ ಹಾಗೆ ಕಾಣುತ್ತೆ, ಅಪ್ಪ ಚಹಾ ಕೂಡ ಕುಡಿಯದೆ ಎದ್ದು ಹೋಗಬಹುದು.